ತಗಡಿನ ಹಿಂದೆ ಇಲ್ಲದ ಆವೇಶ: ಪ್ರತಿಬಿಂಬ ವಿಧಾನದ ಊಹೆ ಏಕೆ ಸರಿ?

ಬಿ.ಎಸ್ಸಿ. ವಿದ್ಯುತ್ ಶಾಸ್ತ್ರ ಓದುವವರಿಂದ ನನಗೆ ವರ್ಷವರ್ಷವೂ ಬರುವ ಪ್ರಶ್ನೆ ಇದು: "ಲೋಹದ ತಗಡಿನ ಹಿಂದೆ ಯಾವ ಆವೇಶವೂ ಇಲ್ಲ. ಇದೆ ಎಂದುಕೊಂಡು ಲೆಕ್ಕ ಮಾಡುತ್ತೇವೆ, ಉತ್ತರ ಸರಿಯಾಗಿ ಬರುತ್ತದೆ. ಇದು ಹೇಗೆ?" ಕೇಳುವವರ ಅನುಮಾನ ನ್ಯಾಯವಾದದ್ದೇ. ಪಠ್ಯಪುಸ್ತಕಗಳು ಊಹೆಯನ್ನು ಮೊದಲು ಬರೆದು, "ಅನನ್ಯತಾ ಪ್ರಮೇಯದಿಂದ ಇದೇ ಉತ್ತರ" ಎಂಬ ಒಂದು ಸಾಲಿನಲ್ಲಿ ಕೈತೊಳೆದುಕೊಳ್ಳುತ್ತವೆ. ಇಡೀ ವಿಷಯ ಅಡಗಿರುವುದು ಆ ಒಂದು ಸಾಲಿನಲ್ಲಿ. ಅದನ್ನೇ ಇಲ್ಲಿ ಬಿಡಿಸೋಣ.

ಮೊದಲು ಕೈಯಲ್ಲಿ ಇರಬೇಕಾದದ್ದು

ವಿಭವ ಎಂದರೆ ಒಂದು ಕೂಲಂಬ್ ಆವೇಶವನ್ನು ಬಹು ದೂರದಿಂದ ಒಂದು ಬಿಂದುವಿಗೆ ತರಲು ಮಾಡಬೇಕಾದ ಕೆಲಸ. ಅದರ ಅಳತೆ ವೋಲ್ಟ್. ಬಿಂದು ಆವೇಶ q ತನ್ನಿಂದ r ದೂರದಲ್ಲಿ ಉಂಟುಮಾಡುವ ವಿಭವ kq/r. ಇಲ್ಲಿ k ಎಂದರೆ 1/(4πε₀), ಅಂದರೆ ಸುಮಾರು 9×10⁹. ಆವೇಶ ಎಲ್ಲೆಲ್ಲಿ ಎಷ್ಟಿದೆ ಎಂದು ಪೂರ್ತಿ ಗೊತ್ತಿದ್ದರೆ ಇಂಥ ಪದಗಳನ್ನು ಕೂಡಿಸಿದರೆ ಸಾಕು, ಬೇರೆ ಯಾವ ಸಿದ್ಧಾಂತವೂ ಬೇಡ.

ತೊಂದರೆ ಬರುವುದು ಲೋಹ ಹತ್ತಿರವಿದ್ದಾಗ. ಆವೇಶವನ್ನು ತಗಡಿನ ಬಳಿ ತಂದ ಕೂಡಲೇ ತಗಡಿನ ಮೇಲೆ ವಿರುದ್ಧ ಆವೇಶ ಬಂದು ಹರಡಿಕೊಳ್ಳುತ್ತದೆ. ಎಲ್ಲಿ ಎಷ್ಟು ಹರಡಿತು ಎಂಬುದು ನಮಗೆ ತಿಳಿಯದು. ತಿಳಿದಿರುವುದು ಒಂದೇ: ಲೋಹದ ಮೇಲೆಲ್ಲ ವಿಭವ ಒಂದೇ ಆಗಿರುತ್ತದೆ, ಅರ್ಥ್ ಮಾಡಿದ ಲೋಹವಾದರೆ ಅದು ಸೊನ್ನೆ. ಹೀಗೆ ಪ್ರದೇಶದ ಅಂಚಿನಲ್ಲಿ ಗೊತ್ತಿರುವ ವಿಭವಕ್ಕೆ ಗಡಿ ಬೆಲೆ ಎನ್ನುತ್ತಾರೆ. ಗಡಿ ಬೆಲೆಯಿಂದ ಒಳಗಿನ ವಿಭವವನ್ನು ಕಂಡುಹಿಡಿಯುವುದೇ ನಮ್ಮ ಲೆಕ್ಕ.

ಹಂತ 1: ಸಮೀಕರಣ ಏನು ಹೇಳುತ್ತದೆ ಎಂದು ಕಾಗದದ ಮೇಲೆ ನೋಡಿ

ಆವೇಶವಿಲ್ಲದ ಜಾಗದಲ್ಲಿ ವಿಭವ ಲಾಪ್ಲಾಸ್ ಸಮೀಕರಣವನ್ನು ಪಾಲಿಸುತ್ತದೆ: ∇²V = 0. ಆವೇಶವಿರುವ ಜಾಗದಲ್ಲಿ ಬಲಬದಿಗೆ −ρ/ε₀ ಬರುತ್ತದೆ. ρ ಎಂದರೆ ಆವೇಶ ಸಾಂದ್ರತೆ, ಮತ್ತು ಆಗ ಅದರ ಹೆಸರು ಪ್ವಾಸೋನ್ ಸಮೀಕರಣ. ಲಾಪ್ಲಾಸ್ ಸಮೀಕರಣದ ತಿರುಳನ್ನು ಮಾತಿನಲ್ಲಿ ಹೀಗೆ ಹೇಳಬಹುದು: ಯಾವುದೇ ಬಿಂದುವಿನ ವಿಭವ ತನ್ನ ಸುತ್ತ ಎಳೆದ ಗೋಳದ ಮೇಲಿನ ವಿಭವಗಳ ಸರಾಸರಿ.

ಗಣಿತದ ಚೌಕುಳಿ ಹಾಳೆ ತೆಗೆದುಕೊಳ್ಳಿ. ಎರಡು ಅಡ್ಡಸಾಲು, ಎರಡು ಕಂಬಸಾಲು, ಒಟ್ಟು ನಾಲ್ಕು ಮನೆಗಳನ್ನು ಖಾಲಿ ಬಿಡಿ. ಅವುಗಳ ಮೇಲ್ಬದಿಯ ಗಡಿಯಲ್ಲಿ 80, ಉಳಿದ ಮೂರು ಬದಿಗಳಲ್ಲಿ 0 ಬರೆಯಿರಿ. ನಿಯಮ ಒಂದೇ: ಒಳಗಿನ ಪ್ರತಿ ಸಂಖ್ಯೆಯೂ ತನ್ನ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಇರುವ ನಾಲ್ಕು ಸಂಖ್ಯೆಗಳ ಸರಾಸರಿಯಾಗಿರಬೇಕು.

```
      80   80
 0    30   30    0
 0    10   10    0
       0    0
```

ಮೇಲಿನ 30 ಅನ್ನು ಪರೀಕ್ಷಿಸಿ: 80, 0, 30, 10 ಕೂಡಿದರೆ 120, ನಾಲ್ಕರಿಂದ ಭಾಗಿಸಿದರೆ 30. ಕೆಳಗಿನ 10ಕ್ಕೆ: 30, 0, 10, 0 ಕೂಡಿದರೆ 40, ಸರಾಸರಿ 10. ಈಗ 30ರ ಜಾಗದಲ್ಲಿ 35 ಹಾಕಿ, ಉಳಿದವನ್ನು ಹೊಂದಿಸಲು ಯತ್ನಿಸಿ. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ಇದು ನಿಮ್ಮ ಅಸಹನೆಯ ದೋಷವಲ್ಲ. ಬೇರೆ ಉತ್ತರ ಇಲ್ಲವೇ ಇಲ್ಲ.

ಹಂತ 2: ಬೇರೆ ಉತ್ತರ ಏಕಿಲ್ಲ?

ಇಬ್ಬರು ವಿದ್ಯಾರ್ಥಿಗಳು ಒಂದೇ ಗಡಿ ಬೆಲೆಗಳಿಗೆ ಎರಡು ಬೇರೆ ಉತ್ತರ ತಂದರು ಎಂದುಕೊಳ್ಳಿ. ಒಬ್ಬರ ಉತ್ತರದಿಂದ ಇನ್ನೊಬ್ಬರದನ್ನು ಮನೆಮನೆಗೂ ಕಳೆಯಿರಿ. ಉಳಿದ ಸಂಖ್ಯೆಗಳು ಸರಾಸರಿ ನಿಯಮವನ್ನು ಪಾಲಿಸುತ್ತಲೇ ಇರುತ್ತವೆ, ಏಕೆಂದರೆ ಸರಾಸರಿಗಳ ವ್ಯತ್ಯಾಸವೇ ವ್ಯತ್ಯಾಸಗಳ ಸರಾಸರಿ. ಗಡಿಯಲ್ಲಿ ಇಬ್ಬರದೂ ಒಂದೇ ಆದ್ದರಿಂದ ಅಲ್ಲಿ ಎಲ್ಲವೂ ಸೊನ್ನೆ.

ಈ ಹೊಸ ಹಾಳೆಯ ಒಳಗೆ ಇರುವ ಅತಿ ದೊಡ್ಡ ಸಂಖ್ಯೆ 5 ಎಂದಿಟ್ಟುಕೊಳ್ಳೋಣ. ಅದರ ನಾಲ್ಕು ನೆರೆಯವರ ಸರಾಸರಿ 5 ಆಗಬೇಕು, ಆದರೆ ಯಾರೂ 5ಕ್ಕಿಂತ ದೊಡ್ಡವರಿಲ್ಲ. ಹಾಗಾದರೆ ನಾಲ್ವರೂ 5 ಆಗಲೇಬೇಕು. ಒಬ್ಬರು 4 ಆದರೂ ಸರಾಸರಿ ಕೆಳಗಿಳಿಯುತ್ತದೆ. ಬಲಗಡೆಯ ಮನೆಗೆ ಹೋಗಿ, ಅದೂ 5. ಅದರ ಬಲಗಡೆಯದೂ 5. ಹೀಗೆ ನಡೆಯುತ್ತ ಗಡಿಯನ್ನು ಮುಟ್ಟಿದರೆ ಅಲ್ಲಿಯೂ 5 ಇರಬೇಕು, ಆದರೆ ಅಲ್ಲಿರುವುದು 0. ಆದ್ದರಿಂದ ಒಳಗೆ ಸೊನ್ನೆಗಿಂತ ದೊಡ್ಡದು ಇರಲಾಗದು. ಇದೇ ವಾದವನ್ನು ತಿರುಗಿಸಿದರೆ ಸೊನ್ನೆಗಿಂತ ಚಿಕ್ಕದೂ ಇರಲಾಗದು. ಇಬ್ಬರ ಉತ್ತರವೂ ಒಂದೇ. ಅನನ್ಯತಾ ಪ್ರಮೇಯ ಹೇಳುವುದು ಇದನ್ನೇ.

ಚೌಕುಳಿ ಹಾಳೆಯ ಬದಲು ನಿಜವಾದ ಆಕಾಶದಲ್ಲೂ ವಾದ ಹೀಗೆಯೇ ಸಾಗುತ್ತದೆ, ನಾಲ್ಕು ನೆರೆಯವರ ಜಾಗದಲ್ಲಿ ಗೋಳ ಬರುತ್ತದೆ ಅಷ್ಟೆ. ಒಳಗೆ ಆವೇಶವಿದ್ದರೆ ಏನು ಎಂದು ನೀವು ಕೇಳಬಹುದು. ಎರಡೂ ಉತ್ತರಗಳು ಅದೇ ಆವೇಶಕ್ಕೆ ಬರೆದವು. ಕಳೆದಾಗ ಎರಡರ −ρ/ε₀ ಪರಸ್ಪರ ಹೊಡೆದುಹೋಗಿ, ವ್ಯತ್ಯಾಸಕ್ಕೆ ಉಳಿಯುವುದು ಲಾಪ್ಲಾಸ್ ಸಮೀಕರಣವೇ. ಬಿಂದು ಆವೇಶದ ಬಳಿ kq/r ಎಲ್ಲೆ ಮೀರಿ ಬೆಳೆದರೂ ಎರಡರಲ್ಲೂ ಒಂದೇ ರೀತಿ ಬೆಳೆಯುವುದರಿಂದ ಅದೂ ಅಳಿಸಿಹೋಗುತ್ತದೆ.

ಕಲನಶಾಸ್ತ್ರ ಬಲ್ಲವರಿಗೆ ಇನ್ನೊಂದು ದಾರಿ ಇದೆ. ವ್ಯತ್ಯಾಸವನ್ನು u ಎಂದು ಕರೆದರೆ:

```
∫ |∇u|² dτ  =  ∮ u (∂u/∂n) dA
```

ಎಡಬದಿ ಇಡೀ ಪ್ರದೇಶದ ಮೇಲಿನ ಮೊತ್ತ, ಬಲಬದಿ ಗಡಿಯ ಮೇಲಿನದು. ∂u/∂n ಎಂದರೆ ಗಡಿಗೆ ಲಂಬವಾಗಿ u ಬದಲಾಗುವ ವೇಗ. ಗಡಿಯಲ್ಲಿ u ಸೊನ್ನೆಯಾದರೆ ಬಲಬದಿ ಸೊನ್ನೆ. ಎಡಬದಿಯಲ್ಲಿ ಇರುವುದು ವರ್ಗ, ಅದು ಎಲ್ಲಿಯೂ ಋಣವಾಗದು. ಋಣವಲ್ಲದ್ದರ ಮೊತ್ತ ಸೊನ್ನೆಯಾದರೆ ಅದು ಎಲ್ಲೆಡೆ ಸೊನ್ನೆ. ಹಾಗಾಗಿ u ಎಲ್ಲಿಯೂ ಬದಲಾಗದು, ಗಡಿಯಲ್ಲಿ ಇರುವಂತೆ ಒಳಗೂ ಸೊನ್ನೆ. ಈ ಬಗೆಯ ಸೂತ್ರಗಳನ್ನು ವಿದ್ಯುತ್ತಿಗೆ ಮೊದಲು ಬಳಸಿದವನು ಜಾರ್ಜ್ ಗ್ರೀನ್, 1828ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಅಚ್ಚಾದ ಪ್ರಬಂಧದಲ್ಲಿ. ಪ್ರತಿಬಿಂಬ ವಿಧಾನ ಬಂದದ್ದು ಅದಾದ ಮೇಲೆ, 1840ರ ದಶಕದಲ್ಲಿ, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್‌ನಿಂದ.

*ಎಡವುವ ಜಾಗ.* ಗಡಿ ಎಂದರೆ ಎಲ್ಲ ದಿಕ್ಕಿನಿಂದಲೂ ಮುಚ್ಚಿದ ಗಡಿ. ಚಪ್ಪಟೆ ತಗಡಿನ ಲೆಕ್ಕದಲ್ಲಿ ಕೆಳಗಿನ ಗಡಿ ತಗಡು, ಆದರೆ ಮೇಲೆ? ಅಲ್ಲಿ "ಬಹು ದೂರದಲ್ಲಿ ವಿಭವ ಸೊನ್ನೆಯತ್ತ ಇಳಿಯುತ್ತದೆ" ಎಂಬ ಷರತ್ತೂ ಗಡಿ ಬೆಲೆಯೇ. ಹೆಚ್ಚಿನವರು ಬರೆಯಲು ಮರೆಯುವುದು ಇದನ್ನೇ. ಮರೆತರೆ ಅನನ್ಯತೆ ಕುಸಿಯುತ್ತದೆ: ತಗಡು z = 0 ದಲ್ಲಿದ್ದರೆ, ನಿಮ್ಮ ಉತ್ತರಕ್ಕೆ ಯಾವುದೇ Cz ಸೇರಿಸಿ ನೋಡಿ. ಅದು ಲಾಪ್ಲಾಸ್ ಸಮೀಕರಣವನ್ನು ಪಾಲಿಸುತ್ತದೆ, ತಗಡಿನ ಮೇಲೆ ಸೊನ್ನೆಯೂ ಆಗುತ್ತದೆ. ಇದು ಗಣಿತದ ಚಮತ್ಕಾರವೇನಲ್ಲ. ಹೊರಗಿನಿಂದ ಯಾರೋ ಒಂದು ಸಮ ವಿದ್ಯುತ್ ಕ್ಷೇತ್ರವನ್ನು ಹಾಕಿದ್ದಾರೆ ಎಂಬುದೇ ಅದರ ಅರ್ಥ. ದೂರದ ಷರತ್ತು "ಯಾರೂ ಹಾಕಿಲ್ಲ" ಎಂದು ಹೇಳುತ್ತದೆ.

ಹಂತ 3: ಊಹೆ ಮಾಡಿ

ಈಗ ನಿಜವಾದ ಲೆಕ್ಕ. ಅರ್ಥ್ ಮಾಡಿದ ದೊಡ್ಡ ಲೋಹದ ತಗಡು z = 0 ದಲ್ಲಿ ಮಲಗಿದೆ. ಅದರ ಮೇಲೆ d = 10 ಸೆಂ.ಮೀ. ಎತ್ತರದಲ್ಲಿ q = 1 ನ್ಯಾನೊಕೂಲಂಬ್ ಆವೇಶವಿದೆ. ತಗಡಿನ ಮೇಲ್ಭಾಗದಲ್ಲಿ ವಿಭವ ಎಷ್ಟು?

ಊಹೆ: ತಗಡನ್ನು ತೆಗೆದುಬಿಡಿ. ಅದರ ಕೆಳಗೆ ಅಷ್ಟೇ ದೂರದಲ್ಲಿ −q ಇಡಿ.

```
V = kq / √(x² + y² + (z − d)²)  −  kq / √(x² + y² + (z + d)²)
```

ಎಲ್ಲಿಂದ ಬಂತು ಈ ಊಹೆ? ಕನ್ನಡಿಯ ನೆನಪಿನಿಂದ ಬಂದಿರಬಹುದು, ಕನಸಿನಿಂದ ಬಂದಿರಬಹುದು, ಪಕ್ಕದವನ ಪುಸ್ತಕದಿಂದಲೂ ಬಂದಿರಬಹುದು. ಪ್ರಮೇಯ ಅದನ್ನು ಕೇಳುವುದಿಲ್ಲ. ಅದು ಕೇಳುವುದು ಮುಂದಿನ ಹಂತದ ಪರೀಕ್ಷೆಗಳನ್ನು ಮಾತ್ರ.

ಹಂತ 4: ಮೂರು ಪರೀಕ್ಷೆ

ಪರೀಕ್ಷೆ ಒಂದು: ನಮಗೆ ಬೇಕಾದ ಪ್ರದೇಶದಲ್ಲಿ, ಅಂದರೆ z > 0 ಇರುವ ಕಡೆ, ಸಮೀಕರಣ ಸರಿಯೇ? ಅಲ್ಲಿ ಇರುವುದು ನಿಜವಾದ q ಒಂದೇ. ಊಹಿಸಿದ −q ಕೆಳಗಿದೆ, ಮೇಲ್ಭಾಗದಲ್ಲಿ ಅದರ ಪದ ಲಾಪ್ಲಾಸ್ ಸಮೀಕರಣವನ್ನು ಪಾಲಿಸುತ್ತದೆ. ಹಾಗಾಗಿ ಮೇಲ್ಭಾಗದ ಪ್ವಾಸೋನ್ ಸಮೀಕರಣಕ್ಕೆ ಏನೂ ಆಗಿಲ್ಲ.

ಪರೀಕ್ಷೆ ಎರಡು: ತಗಡಿನ ಮೇಲೆ ವಿಭವ ಸೊನ್ನೆಯೇ? z = 0 ಹಾಕಿದರೆ ಎರಡೂ ವರ್ಗಮೂಲಗಳು ಒಂದೇ ಆಗಿ ಪದಗಳು ಹೊಡೆದುಹೋಗುತ್ತವೆ. ಒಂದೆರಡು ಬಿಂದುಗಳಲ್ಲಿ ಅಲ್ಲ, ಇಡೀ ತಗಡಿನ ಮೇಲೆ.

ಪರೀಕ್ಷೆ ಮೂರು: ಬಹು ದೂರದಲ್ಲಿ ಸೊನ್ನೆಯತ್ತ ಇಳಿಯುತ್ತದೆಯೇ? ಎರಡು ಪದಗಳೂ ಇಳಿಯುತ್ತವೆ.

ಮೂರನ್ನೂ ದಾಟಿತು. ತಗಡು ಇರುವ ನಿಜವಾದ ಸನ್ನಿವೇಶದ ವಿಭವವೂ ಇದೇ ಮೂರನ್ನು ದಾಟುತ್ತದೆ. ದಾಟಬಲ್ಲದ್ದು ಒಂದೇ ಎಂದು ಹಂತ 2ರಲ್ಲಿ ಕಂಡೆವು. ಆದ್ದರಿಂದ ಊಹೆಯೂ ನಿಜವೂ ಮೇಲ್ಭಾಗದಲ್ಲಿ ಒಂದೇ. ಇದು ಅಂದಾಜಲ್ಲ, ಹೋಲಿಕೆಯಲ್ಲ, ಬಿಂದುಬಿಂದುವಿನಲ್ಲೂ ನಿಖರವಾದ ಸಮಾನತೆ. ತಗಡಿನ ಮೇಲೆ ಹರಡಿದ ಆವೇಶವೆಲ್ಲ ಸೇರಿ ಮೇಲಿನವರಿಗೆ ಕಾಣಿಸುವುದು ಕೆಳಗೆ ಒಂದೇ ಬಿಂದುವಿನಲ್ಲಿ −q ಕುಳಿತಂತೆ.

ಸಂಖ್ಯೆ ಹಾಕಿ ನೋಡೋಣ. ಆವೇಶದ ನೇರ ಕೆಳಗೆ, ತಗಡಿನಿಂದ 5 ಸೆಂ.ಮೀ. ಮೇಲಿನ ಬಿಂದು. q ಇಂದ ದೂರ 5 ಸೆಂ.ಮೀ., ಪ್ರತಿಬಿಂಬದಿಂದ 15 ಸೆಂ.ಮೀ. kq ಬೆಲೆ 9 ಆದ್ದರಿಂದ ವಿಭವ 9/0.05 − 9/0.15 = 180 − 60 = 120 ವೋಲ್ಟ್.

*ಎಡವುವ ಜಾಗ.* ಅದೇ ಸೂತ್ರದಲ್ಲಿ z = −5 ಸೆಂ.ಮೀ. ಹಾಕಿ "ತಗಡಿನ ಕೆಳಗೆ −120 ವೋಲ್ಟ್" ಎಂದು ಬರೆದ ಉತ್ತರ ಪತ್ರಿಕೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಲ್ಲಿ ನಿಜವಾದ ವಿಭವ ಸೊನ್ನೆ. ಏಕೆ ಎನ್ನುವುದಕ್ಕೂ ಇದೇ ಪ್ರಮೇಯ ಬೇಕು: ಕೆಳಭಾಗದಲ್ಲಿ ಆವೇಶವಿಲ್ಲ, ಗಡಿಯಲ್ಲಿ ಸೊನ್ನೆ, ದೂರದಲ್ಲಿ ಸೊನ್ನೆ. ಎಲ್ಲೆಡೆ ಸೊನ್ನೆ ಎಂಬ ಉತ್ತರ ಇವೆಲ್ಲಕ್ಕೂ ಹೊಂದುತ್ತದೆ, ಹೊಂದುವುದು ಒಂದೇ, ಹಾಗಾಗಿ ಅದೇ ಉತ್ತರ. ಪ್ರತಿಬಿಂಬ ಆವೇಶ ಕುಳಿತ ಕಡೆಯಲ್ಲಿ ಪರೀಕ್ಷೆ ಒಂದು ಸೋಲುತ್ತದೆ, ಏಕೆಂದರೆ ಅಲ್ಲಿ ನಾವು ಇಲ್ಲದ ಆವೇಶವನ್ನು ತುರುಕಿದ್ದೇವೆ. ನಿಯಮ ಇಷ್ಟೇ: ಪ್ರತಿಬಿಂಬವನ್ನು ಇಡಬೇಕಾದದ್ದು ನಿಮಗೆ ವಿಭವ ಬೇಕಿಲ್ಲದ ಕಡೆ, ಮತ್ತು ಆ ಕಡೆಯ ಬಗ್ಗೆ ಆ ಸೂತ್ರ ಏನು ಹೇಳಿದರೂ ಕಿವಿಗೊಡಬಾರದು.

ಹಂತ 5: ವಿಭವದಿಂದ ಉಳಿದದ್ದನ್ನು ಪಡೆಯಿರಿ

ತಗಡಿನ ಮೇಲೆ ಆವೇಶ ಹೇಗೆ ಹರಡಿದೆ ಎಂಬುದು ಈಗ ತಾನಾಗಿ ಬರುತ್ತದೆ. ತಗಡಿನ ಬಳಿ ವಿಭವ ಬದಲಾಗುವ ವೇಗವನ್ನು −ε₀ ಇಂದ ಗುಣಿಸಿದರೆ ಮೇಲ್ಮೈ ಆವೇಶ ಸಾಂದ್ರತೆ, ಅಂದರೆ ಚದರ ಮೀಟರಿಗೆ ಎಷ್ಟು ಆವೇಶ ಎಂಬುದು ಸಿಗುತ್ತದೆ. ಆವೇಶದ ನೇರ ಕೆಳಗಿನ ಬಿಂದುವಿನಿಂದ s ದೂರದಲ್ಲಿ:

```
σ = − q d / [ 2π (s² + d²)^(3/2) ]
```

ನಮ್ಮ ಸಂಖ್ಯೆಗಳಲ್ಲಿ ನೇರ ಕೆಳಗೆ ಇದು ಚದರ ಮೀಟರಿಗೆ ಸುಮಾರು −1.6×10⁻⁸ ಕೂಲಂಬ್. ದೂರ ಹೋದಂತೆ ಬೇಗ ಇಳಿಯುತ್ತದೆ. ಇಡೀ ತಗಡಿನ ಮೇಲೆ ಕೂಡಿಸಿದರೆ ನಿಖರವಾಗಿ −q. ಅದರಲ್ಲಿ ಅರ್ಧ ಭಾಗ √3 d ತ್ರಿಜ್ಯದ, ಅಂದರೆ ಸುಮಾರು 17 ಸೆಂ.ಮೀ. ತ್ರಿಜ್ಯದ ವೃತ್ತದೊಳಗೇ ಇದೆ. ತಗಡು ಅಂಗೈಯಗಲದ್ದಾದರೆ ಈ ಲೆಕ್ಕವನ್ನು ನಂಬಬೇಡಿ. ಅರ್ಧ ಆವೇಶಕ್ಕೂ ಅದರಲ್ಲಿ ಜಾಗವಿಲ್ಲ.

ಬಲವೂ ಹಾಗೆಯೇ. q ಇರುವಲ್ಲಿ ತಗಡಿನ ಆವೇಶದ ಕ್ಷೇತ್ರವೂ ಪ್ರತಿಬಿಂಬದ ಕ್ಷೇತ್ರವೂ ಒಂದೇ ಆದ್ದರಿಂದ, 20 ಸೆಂ.ಮೀ. ದೂರದ ಎರಡು ಆವೇಶಗಳ ನಡುವಿನ ಕೂಲಂಬ್ ಬಲವನ್ನೇ ಬರೆಯಬಹುದು: kq²/(2d)², ಅಂದರೆ 2.25×10⁻⁷ ನ್ಯೂಟನ್, ತಗಡಿನ ಕಡೆಗೆ. ಅನುಮಾನವಿದ್ದವರು ತಗಡಿನ ಪ್ರತಿ ತುಣುಕಿನ ಮೇಲಿನ ಎಳೆತ σ²/(2ε₀) ಅನ್ನು ಮೇಲಿನ σ ಇಂದ ಕೂಡಿಸಿ ನೋಡಲಿ. ಅದೇ ಸಂಖ್ಯೆ ಬರುತ್ತದೆ. ನಾನು ಮೊದಲ ಸಲ ಕೂಡಿಸಿದಾಗಲೇ ಪ್ರತಿಬಿಂಬವನ್ನು ಪೂರ್ತಿ ನಂಬಿದ್ದು.

*ಎಡವುವ ಜಾಗ.* ಶಕ್ತಿಯಲ್ಲಿ ಮಾತ್ರ ನಕಲು ನಡೆಯದು. ನಿಜವಾದ ಎರಡು ಆವೇಶಗಳ ಶಕ್ತಿ −kq²/(2d), ನಮ್ಮ ಸಂಖ್ಯೆಗಳಲ್ಲಿ −4.5×10⁻⁸ ಜೂಲ್. ತಗಡಿನ ಲೆಕ್ಕದಲ್ಲಿ ಅದರ ಅರ್ಧ, −2.25×10⁻⁸ ಜೂಲ್. ನಿಜವಾದ ಕ್ಷೇತ್ರ ಇರುವುದು ಮೇಲಿನ ಅರ್ಧದಲ್ಲಿ ಮಾತ್ರ, ಕೆಳಗೆ ಏನೂ ಇಲ್ಲ. ಪ್ರಮೇಯ ಭರವಸೆ ಕೊಟ್ಟದ್ದು ಮೇಲ್ಭಾಗದ ವಿಭವಕ್ಕೆ. ಎರಡೂ ಭಾಗಗಳನ್ನು ಕೂಡಿಸಿ ಬರುವ ಮೊತ್ತಕ್ಕಲ್ಲ.

ಹಂತ 6: ಚಪ್ಪಟೆಯಲ್ಲದ ಗಡಿಗೆ ಹೋಗಿ

ಅರ್ಥ್ ಮಾಡಿದ ಲೋಹದ ಗೋಳ, ತ್ರಿಜ್ಯ R. ಅದರ ಕೇಂದ್ರದಿಂದ a ದೂರದಲ್ಲಿ ಹೊರಗೆ q. ಇಲ್ಲಿಯ ಪ್ರತಿಬಿಂಬ ಕನ್ನಡಿಯ ಪ್ರತಿಬಿಂಬದಂತಿಲ್ಲ: ಆವೇಶ −qR/a, ಅದರ ಜಾಗ ಕೇಂದ್ರದಿಂದ R²/a ದೂರ, q ಇರುವ ದಿಕ್ಕಿನಲ್ಲೇ. R = 10, a = 20 ಸೆಂ.ಮೀ. ಎಂದರೆ −q/2, ಕೇಂದ್ರದಿಂದ 5 ಸೆಂ.ಮೀ.

ಗೋಳದ ಹತ್ತಿರದ ತುದಿಯಲ್ಲಿ q ಇಂದ ದೂರ 10, ಪ್ರತಿಬಿಂಬದಿಂದ 5. ಅರ್ಧ ಆವೇಶ, ಅರ್ಧ ದೂರ, ಎರಡೂ ಹೊಡೆದುಹೋಗುತ್ತವೆ. ಆಚೆಯ ತುದಿಯಲ್ಲಿ 30 ಮತ್ತು 15, ಮತ್ತೆ ಅದೇ. ಆದರೆ ಎರಡು ತುದಿಗಳಲ್ಲಿ ಸೊನ್ನೆ ಬಂತೆಂದು ನಿಲ್ಲಿಸಬೇಡಿ, ಪರೀಕ್ಷೆ ಎರಡು ಇಡೀ ಗೋಳವನ್ನು ಕೇಳುತ್ತದೆ. ಇಲ್ಲಿ ಅದು ನಿಲ್ಲುತ್ತದೆ, ಏಕೆಂದರೆ ಒಂದು ಬಿಂದುವಿನಿಂದಿರುವ ದೂರ ಇನ್ನೊಂದರಿಂದಿರುವ ದೂರದ ಎರಡರಷ್ಟಿರುವ ಬಿಂದುಗಳೆಲ್ಲ ಸೇರಿದರೆ ಗೋಳವೇ ಆಗುತ್ತದೆ.

ಗೋಳವನ್ನು ಅರ್ಥ್ ಮಾಡದೆ, ಒಟ್ಟು ಆವೇಶ ಸೊನ್ನೆ ಇರುವಂತೆ ಒಂಟಿಯಾಗಿ ಬಿಟ್ಟರೆ ಗಡಿ ಬೆಲೆ ಮೊದಲೇ ಗೊತ್ತಿರುವುದಿಲ್ಲ. ಗೊತ್ತಿರುವುದು ವಿಭವ ಗೋಳದ ಮೇಲೆಲ್ಲ ಸಮ ಎಂಬುದು ಮತ್ತು ಒಟ್ಟು ಆವೇಶ. ಅಷ್ಟು ಸಾಕು. ಹಂತ 2ರ ಸೂತ್ರಕ್ಕೆ ಹಿಂತಿರುಗಿ: ಗೋಳದ ಮೇಲೆ u ಸಮವಾದ್ದರಿಂದ ಅದು ಮೊತ್ತದ ಹೊರಗೆ ಬರುತ್ತದೆ, ಉಳಿದ ∂u/∂n ಮೊತ್ತ ಎರಡು ಉತ್ತರಗಳ ಒಟ್ಟು ಆವೇಶದ ವ್ಯತ್ಯಾಸಕ್ಕೆ ಅನುಪಾತದಲ್ಲಿದೆ, ಆ ವ್ಯತ್ಯಾಸ ಸೊನ್ನೆ. ಆದ್ದರಿಂದ ಈ ಲೆಕ್ಕಕ್ಕೂ ಉತ್ತರ ಒಂದೇ. ಊಹೆಯನ್ನು ಹೀಗೆ ತಿದ್ದಿ: ಮೊದಲಿನ −q/2 ಜೊತೆಗೆ ಕೇಂದ್ರದಲ್ಲಿ +q/2 ಇಡಿ. ಕೇಂದ್ರದಲ್ಲಿಟ್ಟದ್ದು ಗೋಳದ ಮೇಲೆ ಸಮ ವಿಭವವನ್ನೇ ಕೊಡುತ್ತದೆ, ಹಾಗಾಗಿ ಏನೂ ಕೆಡುವುದಿಲ್ಲ, ಒಟ್ಟು ಆವೇಶ ಸೊನ್ನೆಯಾಗುತ್ತದೆ. ಪ್ರಶ್ನೆಯಲ್ಲಿ "ಅರ್ಥ್ ಮಾಡಿದ" ಮತ್ತು "ಒಂಟಿಯಾದ" ಎಂಬ ಪದಗಳನ್ನು ಗಮನಿಸದೆ ಬರೆದವರ ಅಂಕ ಹೋಗುವುದು ಇಲ್ಲಿ.

ಹಂತ 7: ಊಹೆ ಸಿಗದಿದ್ದರೆ

ಉತ್ತರ ಒಂದಕ್ಕಿಂತ ಹೆಚ್ಚಿಲ್ಲ ಎನ್ನುತ್ತದೆ ಪ್ರಮೇಯ. ಆ ಉತ್ತರವನ್ನು ನಾಲ್ಕಾರು ಬಿಂದು ಆವೇಶಗಳಿಂದ ಕಟ್ಟಬಹುದು ಎಂದು ಅದು ಎಲ್ಲಿಯೂ ಹೇಳಿಲ್ಲ.

ಎರಡು ಅರ್ಥ್ ಮಾಡಿದ ತಗಡುಗಳು 90 ಡಿಗ್ರಿಯಲ್ಲಿ ಸೇರಿದರೆ ಮೂರು ಪ್ರತಿಬಿಂಬ ಸಾಕು: ಎರಡು −q, ಕರ್ಣದ ಆಚೆ ಒಂದು +q. 60 ಡಿಗ್ರಿಗೆ ಐದು. ಇದನ್ನು ಕಂಡು 120 ಡಿಗ್ರಿಯ ಮೂಲೆಗೂ ಹಾಗೆಯೇ ಪ್ರತಿಬಿಂಬಿಸುತ್ತ ಹೋಗಿ. ಒಂದು ತಗಡಿನಿಂದ 40 ಡಿಗ್ರಿಯಲ್ಲಿ q ಇದೆ ಎನ್ನಿ. ಪ್ರತಿಬಿಂಬದ ಪ್ರತಿಬಿಂಬ ಹುಡುಕುತ್ತ ಹೋದರೆ ಒಂದು −q ಬಂದು 80 ಡಿಗ್ರಿಯಲ್ಲಿ ಕೂರುತ್ತದೆ. ಅದು ಎರಡು ತಗಡುಗಳ ನಡುವೆಯೇ, ನಮಗೆ ವಿಭವ ಬೇಕಾದ ಪ್ರದೇಶದಲ್ಲಿ. ತಗಡುಗಳ ಮೇಲೆ ವಿಭವ ಸೊನ್ನೆ ಬರುತ್ತದೆ, ದೂರದಲ್ಲೂ ಸೊನ್ನೆ, ಆದರೆ ಪರೀಕ್ಷೆ ಒಂದು ಸೋತಿದೆ: ಇಲ್ಲದ ಆವೇಶ ಒಳಗೆ ಬಂದಿದೆ. ಅದನ್ನು ಬಿಟ್ಟುಬಿಟ್ಟರೆ ಪರೀಕ್ಷೆ ಎರಡು ಸೋಲುತ್ತದೆ. ಇಂಥ ಮೂಲೆಗೆ ಶ್ರೇಣಿಗಳನ್ನು ಬಳಸಬೇಕು, ಇಲ್ಲವೇ ಚೌಕುಳಿ ಹಾಳೆಯನ್ನು ಕಂಪ್ಯೂಟರಿಗೆ ಕೊಟ್ಟು, q ಇರುವ ಮನೆಯಲ್ಲಿ ಅದರ ಪಾಲನ್ನು ಸೇರಿಸಿ, ಸಂಖ್ಯೆಗಳು ಅಲುಗಾಡದೆ ನಿಲ್ಲುವವರೆಗೆ ಪ್ರತಿ ಮನೆಗೂ ನೆರೆಯವರ ಸರಾಸರಿಯನ್ನು ತುಂಬಿಸುತ್ತಿರಬೇಕು. ಎಲ್ಲಿಂದ ಆರಂಭಿಸಿದರೂ ಅದು ಒಂದೇ ಕಡೆ ಬಂದು ನಿಲ್ಲುತ್ತದೆ.